ಬೆಲ್ಲದ ಹರಾಜಿನಲ್ಲಿ ಕೂಗದೆ ಉಳಿದ ಬೆಲೆ

ಕಾರ್ಟೆಲ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಿಮೆಂಟ್ ಕಂಪನಿಗಳಂಥ ದೊಡ್ಡ ಮಾರಾಟಗಾರರು ಒಳಗೊಳಗೇ ಮಾತಾಡಿಕೊಂಡು ಗ್ರಾಹಕನಿಂದ ಹೆಚ್ಚು ಬೆಲೆ ವಸೂಲು ಮಾಡುವ ಚಿತ್ರ. ಆದರೆ ಕೊಳ್ಳುವವರೇ ಒಂದಾಗಿ ಮಾರುವವನ ಬೆಲೆಯನ್ನು ಇಳಿಸುವ ಕೂಟವೂ ಕಾರ್ಟೆಲ್ಲೇ. ಮಂಡ್ಯದಂಥ ಜಿಲ್ಲೆಯಲ್ಲಿ, ಅಂದರೆ ಬಹುಪಾಲು ಜನ ಮಾರುಕಟ್ಟೆಗೆ ಹೋಗುವುದು ಕಬ್ಬು, ಬೆಲ್ಲ, ಭತ್ತ ಮಾರುವುದಕ್ಕೆ ಆಗಿರುವಲ್ಲಿ, ತಿಳಿದುಕೊಳ್ಳಬೇಕಾದದ್ದು ಈ ಎರಡನೆಯ ಬಗೆಯನ್ನೇ ಎಂಬುದು ನನ್ನ ಅಭಿಪ್ರಾಯ. 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಒಂದೇ ವ್ಯಾಪಾರದಲ್ಲಿರುವವರು ಖರೀದಿಯ ಬೆಲೆಯನ್ನಾಗಲಿ ಮಾರಾಟದ ಬೆಲೆಯನ್ನಾಗಲಿ ನೇರವಾಗಿಯೋ ಪರೋಕ್ಷವಾಗಿಯೋ ನಿಗದಿಪಡಿಸಿಕೊಂಡರೆ, ಹರಾಜು ಅಥವಾ ಟೆಂಡರಿನಲ್ಲಿ ಹೊಂದಾಣಿಕೆ ಮಾಡಿಕೊಂಡರೆ, ಅದು ಸ್ಪರ್ಧೆಗೆ ಹಾನಿ ಮಾಡಿದೆ ಎಂದೇ ಕಾನೂನು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸಿಕೊಡುವ ಹೊಣೆ ಅವರದು.

ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ತರುವ ಒಬ್ಬ ಆಲೆಮನೆಯವರನ್ನು ಇಟ್ಟುಕೊಂಡು ಇದನ್ನು ನೋಡೋಣ. ಮುಂದಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಅಲ್ಲಿನ ಯಾವ ವರ್ತಕರ ಮೇಲೂ ಅವು ಆರೋಪವಲ್ಲ. ಲಾಟಿನಲ್ಲಿ 20 ಕ್ವಿಂಟಾಲ್ ಬೆಲ್ಲವಿದೆ. ಐದು ಜನ ಖರೀದಿದಾರರಿದ್ದಾರೆ. ತಮ್ಮ ತಮ್ಮ ಆರ್ಡರು, ಲಾರಿ ಬಾಡಿಗೆ, ಸಾಗಿಸಬೇಕಾದ ದೂರಗಳನ್ನು ಲೆಕ್ಕ ಹಾಕಿದರೆ ಅವರು ಕ್ವಿಂಟಾಲಿಗೆ ಕೊಡಬಹುದಾದ ಗರಿಷ್ಠ ಬೆಲೆ ಕ್ರಮವಾಗಿ 4,300, 4,250, 4,200, 4,100 ಮತ್ತು 4,000 ರೂಪಾಯಿ. ಹರಾಜು ಪ್ರಾಮಾಣಿಕವಾಗಿ ನಡೆದರೆ ಬೆಲೆ ಎಲ್ಲಿ ನಿಲ್ಲುತ್ತದೆ? 4,300ಕ್ಕೆ ಅಲ್ಲ, 4,250ರ ಆಸುಪಾಸಿನಲ್ಲಿ, ಏಕೆಂದರೆ ಎರಡನೆಯವನು ಹಿಂದೆ ಸರಿದ ಕೂಡಲೇ ಮೊದಲನೆಯವನಿಗೆ ಇನ್ನೂ ಮೇಲಕ್ಕೆ ಕೂಗುವ ಕಾರಣ ಇರುವುದಿಲ್ಲ. ಹರಾಜಿನಲ್ಲಿ ರೈತನಿಗೆ ಸಿಗುವ ಬೆಲೆಯನ್ನು ತೀರ್ಮಾನಿಸುವವನು ಗೆದ್ದವನಲ್ಲ, ಅವನಿಗೆ ಕೊನೆಯವರೆಗೂ ಎದುರು ನಿಂತು ಸೋತವನು.

ಈಗ ಐವರೂ ಒಳಗೊಪ್ಪಂದ ಮಾಡಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬನೇ ಕೂಗುತ್ತಾನೆ, ಉಳಿದವರು ಸುಮ್ಮನಿರುತ್ತಾರೆ, ಇಲ್ಲವೇ ತೋರಿಕೆಗೆ ಕಡಿಮೆ ಕೂಗುತ್ತಾರೆ. ಬೆಲೆ 3,900ಕ್ಕೆ ನಿಲ್ಲುತ್ತದೆ. ಒಪ್ಪಿಗೆಯಾಗದಿದ್ದರೆ ಮಾಲನ್ನು ವಾಪಸು ಒಯ್ಯುವ ಹಕ್ಕು ರೈತನಿಗಿದೆ, ನಿಜ. ಆದರೆ ವಾಪಸು ಒಯ್ಯಲು ಗಾಡಿ ಬಾಡಿಗೆ ಬೇಕು, ಮಳೆಗಾಲದಲ್ಲಿ ಬೆಲ್ಲ ತೇವ ಹೀರಿ ಮೆತ್ತಗಾಗುತ್ತದೆ, ದಲ್ಲಾಳಿಯಿಂದ ಮುಂಗಡ ಪಡೆದಿದ್ದರೆ ಅದರ ಒತ್ತಡವೂ ಇರುತ್ತದೆ. ಆದ್ದರಿಂದ ಅವರು 3,900ಕ್ಕೆ ಒಪ್ಪುತ್ತಾರೆ. ಕ್ವಿಂಟಾಲಿಗೆ 350ರಂತೆ ಒಂದು ಲಾಟಿನಲ್ಲಿ 7,000 ರೂಪಾಯಿ ಹೋಯಿತು. ಬಳಿಕ ಯಾವುದೋ ಅಂಗಡಿಯ ಒಳಕೋಣೆಯಲ್ಲಿ ಆ ಐವರ ನಡುವೆ ನಿಜವಾದ ಹರಾಜು ನಡೆಯುತ್ತದೆ. ಅಲ್ಲಿ ಬೆಲ್ಲ 4,250ಕ್ಕೇ ಹೋಗುತ್ತದೆ, ವ್ಯತ್ಯಾಸದ 7,000 ರೂಪಾಯಿ ತಲಾ 1,400ರಂತೆ ಹಂಚಿಕೆಯಾಗುತ್ತದೆ. ಬೆಲ್ಲ ಸೇರುವುದು ಮೊದಲು ಸೇರಬೇಕಾಗಿದ್ದವನನ್ನೇ. ಹಣ ಮಾತ್ರ ಆಲೆಮನೆಯವರ ಬದಲು ವರ್ತಕರ ಕೈಗೆ ಸೇರುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 4,250 ಕೊಡಬಲ್ಲ ಎರಡನೆಯ ವರ್ತಕ ಒಬ್ಬನೇ ಕೂಟದಿಂದ ಹೊರಗುಳಿದರೂ ಸಾಕು, ಬೆಲೆ ಮತ್ತೆ 4,250ಕ್ಕೆ ಏರುತ್ತದೆ, ಉಳಿದ ನಾಲ್ವರ ಒಪ್ಪಂದದಿಂದ ನಯಾಪೈಸೆ ಲಾಭವಿಲ್ಲ. ಅದೇ 4,000ದವನು ಹೊರಗುಳಿದರೆ ಕೂಟಕ್ಕೆ ದೊಡ್ಡ ನಷ್ಟವೇನೂ ಇಲ್ಲ. ಹಾಗಾಗಿ ಇಂಥ ಕೂಟಗಳು ಬಲವಾದ ಖರೀದಿದಾರರನ್ನು ಒಳಗೆ ಸೇರಿಸಿಕೊಳ್ಳಲು, ಹೊರ ಊರಿನಿಂದ ಬರುವ ಹೊಸಬರನ್ನು ಓಡಿಸಲು ಬಹಳ ಶ್ರಮಪಡುತ್ತವೆ. ಹೊಸಬನಿಗೆ ಗೋದಾಮು ಸಿಗದಂತೆ, ಹಮಾಲರು ಸಿಗದಂತೆ, ಲೈಸೆನ್ಸಿಗೆ ತಡೆಯಾಗುವಂತೆ ನೋಡಿಕೊಳ್ಳುವುದು ಇದರದೇ ಭಾಗ. ಜೊತೆಗೆ ಕೂಟಕ್ಕೆ ಒಳಗಿನ ಭಯವೂ ಇದೆ: ಪ್ರತಿಯೊಬ್ಬನಿಗೂ 3,950 ಕೂಗಿ ಪೂರ್ತಿ ಲಾಟನ್ನು ತಾನೇ ಹೊಡೆಯುವ ಆಸೆ ಇರುತ್ತದೆ. ಬಹಿರಂಗ ಕೂಗಿನ ಹರಾಜಿನಲ್ಲಿ ಹಾಗೆ ಮಾಡಿದವನು ಅದೇ ಕ್ಷಣ ಸಿಕ್ಕಿಬೀಳುತ್ತಾನೆ, ಉಳಿದವರು ಮೇಲೆ ಕೂಗಿ ಅವನ ಲಾಭವನ್ನು ಅಳಿಸಿಹಾಕುತ್ತಾರೆ. ಗುಟ್ಟಿನ ಬೆಲೆ ಬರೆಯುವ ಇ-ಟೆಂಡರಿನಲ್ಲಿ ಫಲಿತಾಂಶ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಅಲ್ಲಿ ಕೂಟ ಕಟ್ಟಿಕೊಳ್ಳುವುದು ಕಷ್ಟ. ಆದರೆ ಯಾರು ಎಷ್ಟು ಬರೆದರು ಎಂಬ ಪೂರ್ತಿ ಪಟ್ಟಿ ದಿನವೂ ವರ್ತಕರಿಗೆಲ್ಲ ಸಿಗುವಂತಿದ್ದರೆ, ಮಾತಿಗೆ ತಪ್ಪಿದವನಿಗೆ ಮರುದಿನ ಬುದ್ಧಿ ಕಲಿಸುವುದು ಸುಲಭವಾಗಿ, ಆ ಅನುಕೂಲ ಅರ್ಧಕ್ಕರ್ಧ ಕರಗುತ್ತದೆ. ಪಾರದರ್ಶಕತೆ ಯಾವಾಗಲೂ ಒಳ್ಳೆಯದೇ ಎಂದು ನಂಬುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಕೂಟವಿದೆ ಎಂದು ತಿಳಿಯುವುದು ಹೇಗೆ? ಬೆಲೆ ಕಡಿಮೆಯಾಗಿದೆ ಎಂಬುದಾಗಲಿ, ಎಲ್ಲರೂ ಒಂದೇ ಬೆಲೆ ಹೇಳಿದರು ಎಂಬುದಾಗಲಿ ಸಾಲದು. ಎಲ್ಲರೂ ನಿನ್ನೆಯ ಮಾರುಕಟ್ಟೆಯ ದರವನ್ನೇ ನೋಡಿ ಬಂದಿರಬಹುದು. ಹುಡುಕಬೇಕಾದದ್ದು ಸ್ಪರ್ಧೆಯಿದ್ದರೆ ಇರಲಾರದಂಥ ಗುರುತುಗಳನ್ನು. ಗೆಲ್ಲುವ ಸರದಿ ಐವರ ನಡುವೆ ಲೆಕ್ಕ ಹಾಕಿದಂತೆ ತಿರುಗುತ್ತಿದೆಯೇ? ಸೋತವರ ಬೆಲೆಗಳು ಗೆಲ್ಲುವ ಉದ್ದೇಶವೇ ಇಲ್ಲದಷ್ಟು ಕೆಳಗಿವೆಯೇ? ಬೆಲ್ಲದ ಬಣ್ಣ, ಗಟ್ಟಿತನ ಬೇರೆ ಬೇರೆಯಾದರೂ ಬೆಲೆ ಮಾತ್ರ ಅಲ್ಲಾಡದೆ ನಿಂತಿದೆಯೇ? ಹೊರಗಿನ ಒಬ್ಬ ಖರೀದಿದಾರ ಬಂದ ದಿನಗಳಲ್ಲಷ್ಟೇ ಬೆಲೆ ಜಿಗಿದು, ಅವನು ಹೋದ ಮೇಲೆ ಮತ್ತೆ ಕುಸಿಯುತ್ತದೆಯೇ? ಸಾಗಣೆ ಖರ್ಚು ಕಳೆದ ಮೇಲೂ ಪಕ್ಕದ ಮಾರುಕಟ್ಟೆಯ ಬೆಲೆಗಿಂತ ಸತತವಾಗಿ ಕೆಳಗಿದೆಯೇ? ಇವುಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಹೊರಗಿನವನ ಪರೀಕ್ಷೆಗೆ, ಏಕೆಂದರೆ ಹಬ್ಬದ ಬೇಡಿಕೆ, ಮಳೆ, ಗುಣಮಟ್ಟಗಳು ಒಬ್ಬ ವ್ಯಕ್ತಿಯ ಬರುಹೋಗುವಿಕೆಯ ಜೊತೆ ಏರಿಳಿಯುವುದು ಅಪರೂಪ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ಈ ಗುರುತುಗಳ ಬೆಲೆ ಅರ್ಥವಾಗುತ್ತದೆ. ಗೋದಾಮಿನ ಧಾನ್ಯವನ್ನು ಹುಳುಗಳಿಂದ ಕಾಪಾಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಗಾಗಿ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆದಾಗ ಮೂರು ಕಂಪನಿಗಳು ಕಿಲೋಗೆ 388 ರೂಪಾಯಿ ಎಂದು ಒಂದೇ ಬೆಲೆ ಬರೆದಿದ್ದವು. ಅವುಗಳ ಗಾತ್ರ, ಕಾರ್ಖಾನೆಗಳ ಜಾಗ, ಉತ್ಪಾದನೆಯ ಖರ್ಚು ಬೇರೆ ಬೇರೆ. ಹಾಗಿರುವಾಗ ಬೆಲೆ ಮಾತ್ರ ಒಂದೇ ಆಗಿರುವುದಕ್ಕೆ ಒಪ್ಪಂದದ ಹೊರತು ಬೇರೆ ಸಮಂಜಸ ಕಾರಣ ಸಿಗಲಿಲ್ಲ. ಆ ಕಂಪನಿಗಳು ಹೊಂದಾಣಿಕೆ ಮಾಡಿಕೊಂಡಿದ್ದವು ಎಂದು ಈ ಕಾಯ್ದೆಯನ್ನು ಜಾರಿಮಾಡುವ ಭಾರತೀಯ ಸ್ಪರ್ಧಾ ಆಯೋಗ ಕೊಟ್ಟಿದ್ದ ತೀರ್ಮಾನವನ್ನು 2017ರಲ್ಲಿ ಕೋರ್ಟು ಎತ್ತಿಹಿಡಿಯಿತು. ಮರುವರ್ಷ, 2018ರಲ್ಲಿ, ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಅದೇ ಕೋರ್ಟು ತಯಾರಕರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಯೂ ಬೆಲೆಗಳು ಒಂದಕ್ಕೊಂದು ಹತ್ತಿರವಿದ್ದವು. ಆದರೆ ಸಿಲಿಂಡರ್ ಕೊಳ್ಳುವುದು ಮೂರೇ ಸರ್ಕಾರಿ ತೈಲ ಕಂಪನಿಗಳು. ಹಿಂದಿನ ಬೆಲೆ ಎಲ್ಲರಿಗೂ ಗೊತ್ತು. ಆ ಮಾರುಕಟ್ಟೆಯ ಸ್ವರೂಪವೇ ಬೆಲೆಗಳು ಹತ್ತಿರ ಬರುವುದನ್ನು ವಿವರಿಸಬಲ್ಲದು ಎಂದು ಕೋರ್ಟು ಕಂಡಿತು. ಮೇಲ್ನೋಟಕ್ಕೆ ಒಂದೇ ರೀತಿಯ ನಡವಳಿಕೆ; ವ್ಯತ್ಯಾಸ ಇರುವುದು ಅದಕ್ಕೆ ಒಪ್ಪಂದವಿಲ್ಲದ ವಿವರಣೆ ಸಾಧ್ಯವೇ ಎಂಬುದರಲ್ಲಿ. ಬೆಲ್ಲದ ವರ್ತಕರ ಮೇಲೆ ದೂರು ಬಂದರೂ ತನಿಖೆ ಇದೇ ಪ್ರಶ್ನೆಯ ಸುತ್ತ ನಡೆಯುತ್ತದೆ.

ಕಾಯ್ದೆಯ ಪ್ರಕಾರ ಒಪ್ಪಂದ ಎಂದರೆ ಬರಹದಲ್ಲೇ ಇರಬೇಕಿಲ್ಲ. ಮಾತಿನ ಒಡಂಬಡಿಕೆ, ಕಣ್ಸನ್ನೆಯ ಹೊಂದಾಣಿಕೆಯೂ ಒಪ್ಪಂದವೇ. ಆದರೂ ಸಾಕ್ಷ್ಯ ಸಿಗುವುದು ಹೆಚ್ಚಾಗಿ ಒಳಗಿನಿಂದ. ಆದ್ದರಿಂದಲೇ ಕಾಯ್ದೆಯ 46ನೆಯ ಕಲಮು ಮೊದಲು ಬಂದು ಪೂರ್ತಿ ಸತ್ಯ ಹೇಳಿದ ಕೂಟದ ಸದಸ್ಯನಿಗೆ ದಂಡದಲ್ಲಿ ನೂರಕ್ಕೆ ನೂರರಷ್ಟೂ ವಿನಾಯಿತಿ ಸಿಗಲು ದಾರಿ ಮಾಡಿಕೊಡುತ್ತದೆ. ನಿಯಮಾವಳಿಯಂತೆ ಎರಡನೆಯವನಿಗೆ ಶೇಕಡ 50, ಮೂರನೆಯವನಿಗೆ ಶೇಕಡ 30ರವರೆಗೆ. ಹೇಳದೆ ಉಳಿದವರಿಗೆ ಕೂಟ ನಡೆದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇಕಡ 10, ಇವುಗಳಲ್ಲಿ ಹೆಚ್ಚಿನದರವರೆಗೆ ದಂಡ ಬೀಳಬಹುದು. ಹರಾಜಿನಲ್ಲಿದ್ದ ಪರಸ್ಪರ ಅಪನಂಬಿಕೆಯನ್ನೇ ಕಾನೂನು ಇಲ್ಲಿ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ದೂರು ಕೊಡುವವರು ತಿಳಿದಿರಬೇಕಾದದ್ದು, 2023ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ದೂರಿಗೆ ಕಾರಣ ಹುಟ್ಟಿದ ಮೂರು ವರ್ಷದೊಳಗೆ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಬೇಕು ಎಂಬುದು.

ಇದೇ ಕಬ್ಬು ಆಲೆಮನೆಗೆ ಹೋಗದೆ ಸಕ್ಕರೆ ಕಾರ್ಖಾನೆಗೆ ಹೋದರೆ ಪ್ರಶ್ನೆ ಬದಲಾಗುತ್ತದೆ. ಅಲ್ಲಿ ಕೂಟ ಬೇಕಿಲ್ಲ. ಕೊಳ್ಳುವವನು ಒಬ್ಬನೇ ಇರಬಹುದು. ಅಂಥವನಿಗೆ ಅನ್ವಯಿಸುವುದು 4ನೆಯ ಕಲಮು, ಅಂದರೆ ಪ್ರಾಬಲ್ಯದ ದುರುಪಯೋಗ. ದೊಡ್ಡವನಾಗಿರುವುದು ತಪ್ಪಲ್ಲ, ಆ ಬಲವನ್ನು ಅನ್ಯಾಯದ ಷರತ್ತು ಹೇರಲು ಬಳಸುವುದು ತಪ್ಪು. ಪ್ರಾಬಲ್ಯವಿದೆಯೇ ಎಂದು ನೋಡಲು ಮೊದಲು ಮಾರುಕಟ್ಟೆಯ ಗಡಿ ಗುರುತಿಸಬೇಕು. ಕಡಿದ ಕಬ್ಬಿನಲ್ಲಿ ಸಕ್ಕರೆಯ ಅಂಶ ಬೇಗ ಇಳಿಯುವುದರಿಂದ ಅದನ್ನು ಆದಷ್ಟು ಒಂದು ದಿನದೊಳಗೆ ಅರೆಯಬೇಕು. ಮದ್ದೂರಿನ ರೈತನಿಗೆ ಬೆಳಗಾವಿಯ ಕಾರ್ಖಾನೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಗಡಿ ಕೆಲವೇ ತಾಲ್ಲೂಕುಗಳಿಗೆ ಕುಗ್ಗುತ್ತದೆ. ಆದರೆ ಆ ಗಡಿಯೊಳಗೆ ಆಲೆಮನೆಗಳನ್ನು ಸೇರಿಸಬೇಕೇ? ಕಾರ್ಖಾನೆ ತನ್ನ ಷರತ್ತುಗಳನ್ನು ಸ್ವಲ್ಪ ಬಿಗಿ ಮಾಡಿದರೆ ಎಷ್ಟು ಕಬ್ಬು ಆಲೆಮನೆಗಳತ್ತ ತಿರುಗುತ್ತದೆ ಎಂಬುದನ್ನು ಅಳೆಯಬೇಕು. ಮಂಡ್ಯದಲ್ಲಿ ನೂರಾರು ಆಲೆಮನೆಗಳಿವೆ, ಆದರೆ ಒಂದೊಂದೂ ದಿನಕ್ಕೆ ಅರೆಯುವುದು ಕಾರ್ಖಾನೆಯ ಮುಂದೆ ಅತ್ಯಲ್ಪ, ಕೂಲಿಯಾಳುಗಳ ಕೊರತೆಯೂ ಇದೆ. ಅವು ಹೆಚ್ಚುವರಿ ಕಬ್ಬನ್ನು ಹೊರಬಲ್ಲವಾದರೆ ಕಾರ್ಖಾನೆ ಪ್ರಬಲವಲ್ಲ. ಹೊರಲಾರದಿದ್ದರೆ ಅದು ಪ್ರಬಲವೇ.

ಪ್ರಬಲವಾದ ಕಾರ್ಖಾನೆ ಹೋದ ವರ್ಷ ಆಲೆಮನೆಗೆ ಕಬ್ಬು ಹಾಕಿದವರಿಗೆ ಮಾತ್ರ ಕಟಾವಿನ ಸರದಿ ತಡಮಾಡಿದರೆ, ತನ್ನಲ್ಲೇ ಗೊಬ್ಬರ ಕೊಳ್ಳಬೇಕೆಂದು ಕಟ್ಟುಪಾಡು ಹಾಕಿದರೆ ಅದು ದುರುಪಯೋಗದ ಪ್ರಶ್ನೆಯಾಗುತ್ತದೆ. ಎಲ್ಲ ಕಾರ್ಖಾನೆಗಳೂ ಒಂದೇ ಕನಿಷ್ಠ ದರಕ್ಕೆ ಬದ್ಧವಾಗಿರುವುದು ಕೂಟವಲ್ಲ, ಅದನ್ನು ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ. ಹಣವನ್ನು 14 ದಿನದೊಳಗೆ ಕೊಡದಿರುವುದು 1966ರ ಕಬ್ಬು ನಿಯಂತ್ರಣ ಆದೇಶದ ಉಲ್ಲಂಘನೆ, ಅದಕ್ಕೆ ಬೇರೆ ಕಚೇರಿಗೆ ಹೋಗಬೇಕು. ಆದರೆ 'ಈ ಪ್ರದೇಶವನ್ನು ಸರ್ಕಾರವೇ ನಮಗೆ ಮೀಸಲಿಟ್ಟಿದೆ' ಎಂಬುದೊಂದೇ ಕಾರ್ಖಾನೆಗೆ ರಕ್ಷಣೆಯಾಗಲಾರದು: ಕಾನೂನಿನಿಂದಲೇ ಏಕಸ್ವಾಮ್ಯ ಪಡೆದ ಕೋಲ್ ಇಂಡಿಯಾ ಕೂಡ ಸ್ಪರ್ಧಾ ಕಾಯ್ದೆಗೆ ಒಳಪಟ್ಟಿದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ.

ಕಾಯ್ದೆ ತಲುಪದ ಜಾಗವೂ ಒಂದಿದೆ. ಒಂದೇ ಭಾಗದಲ್ಲಿ ಬೇರೆ ಬೇರೆ ಮಾಲೀಕರ ಎರಡು ಕಾರ್ಖಾನೆಗಳಿದ್ದು, ಮಾತುಕತೆಯೇ ಇಲ್ಲದೆ, ಒಂದು ಮಾಡಿದ್ದನ್ನು ನೋಡಿ ಇನ್ನೊಂದೂ ರೈತರ ಮೇಲೆ ಅದೇ ಷರತ್ತು ಹೇರಿತು ಎನ್ನೋಣ. ಬೇರೆ ಬೇರೆ ಕಂಪನಿಗಳು ಒಟ್ಟಾಗಿ ಪ್ರಬಲ ಎಂಬ ಸಾಮೂಹಿಕ ಪ್ರಾಬಲ್ಯದ ಕಲ್ಪನೆ ನಮ್ಮ 4ನೆಯ ಕಲಮಿನಲ್ಲಿ ಇಲ್ಲ. ಒಪ್ಪಂದವಿಲ್ಲದೆ 3ನೆಯ ಕಲಮೂ ನಿಲ್ಲುವುದಿಲ್ಲ. ಯುರೋಪಿನ ಕಾನೂನಿನಲ್ಲಿ ಆ ಕಲ್ಪನೆಗೆ ಜಾಗವಿದೆ. ನಮ್ಮಲ್ಲಿ ಅಂಥ ರೈತನ ದೂರು ನಿಲ್ಲಬೇಕಾದರೆ ಆ ಎರಡು ಕಾರ್ಖಾನೆಗಳ ನಡುವೆ ಮಾತುಕತೆ ನಡೆದದ್ದಕ್ಕೆ ಗುರುತು ಸಿಗಬೇಕು.