ಹಾಡಿಗಿಂತ ಒಂದು ಎಣಿಕೆ ಮುಂಚೆ

ಶಾಲೆಯ ಗಾಯನ ತಂಡವನ್ನು ಮೊದಲ ಸಲ ನಡೆಸುವವರು ಮಕ್ಕಳ ಜೊತೆಗೇ ತಾಳ ಹಾಕುತ್ತಾರೆ. ಯಕ್ಷಗಾನದ ಭಾಗವತರನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದು ಸಹಜ. ಆದರೆ ಭಾಗವತರ ತಾಳ ಕಿವಿಗೆ ಕೇಳಿಸುತ್ತದೆ, ಅವರೇ ಹಾಡುತ್ತಾರೆ ಕೂಡ. ನಿಮ್ಮ ಕೈಗೆ ಸದ್ದಿಲ್ಲ. ಅದು ಹಾಡಿಗಿಂತ ಒಂದು ಎಣಿಕೆ ಮುಂಚೆ ಹೊರಡಬೇಕು.

ನಾಲ್ಕು ಎಣಿಕೆಯ ಹಾಡಿಗೆ ಬಲಗೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹೋಗುತ್ತದೆ. ಇದನ್ನು ಒಂದು ಸಂಜೆ ಕನ್ನಡಿ ಮುಂದೆ ಕಲಿಯಬಹುದು. ಕಷ್ಟ ಇರುವುದು ಶುರುವಿನಲ್ಲಿ. ಹಾಡು ಒಂದನೇ ಎಣಿಕೆಗೆ ಎತ್ತಿಕೊಂಡರೆ, ಅದರ ಹಿಂದಿನ ನಾಲ್ಕನೇ ಎಣಿಕೆಯಲ್ಲಿ ಕೈ ಎತ್ತಿ, ನೀವೂ ಬಾಯಿ ತೆರೆದು ಉಸಿರೆಳೆಯಿರಿ. ಮಕ್ಕಳೂ ಆಗಲೇ ಎಳೆಯುತ್ತಾರೆ. ಕೈ ಕೆಳಗೆ ಬಂದಾಗ ದನಿ ಬರುತ್ತದೆ. ನಾಲ್ಕಕ್ಕೆ ಎತ್ತಿಕೊಳ್ಳುವ ಹಾಡಾದರೆ ಉಸಿರು ಮೂರಕ್ಕೆ. ಈ ಒಂದೇ ಚಲನೆಯಿಂದ ವೇಗ ಗೊತ್ತಾಗಬೇಕು. ನಿಮಿಷಕ್ಕೆ 80 ಎಣಿಕೆಯ ಹಾಡಿಗೆ ಕೈ ಎತ್ತಲು ಮುಕ್ಕಾಲು ಸೆಕೆಂಡು ಬೇಕು. ಗಾಬರಿಯಲ್ಲಿ ಅದನ್ನು ಬೇಗ ಎತ್ತಿಬಿಡುತ್ತೇವೆ, ಆಮೇಲೆ ಮಕ್ಕಳು ಓಡುತ್ತಾರೆ ಎಂದು ಬೈಯುತ್ತೇವೆ!

ಮಕ್ಕಳು ನಿಮ್ಮನ್ನು ನೋಡುತ್ತಿದ್ದಾರಾ ಎಂದು ತಿಳಿಯಲು ಹೇಳದೆ ಕೈಯನ್ನು ಸ್ವಲ್ಪ ನಿಧಾನ ಎತ್ತಿ ನೋಡಿ. ಹಾಡು ಹಳೆಯ ವೇಗದಲ್ಲೇ ಬಂದರೆ ಅವರ ಕಣ್ಣು ಪುಸ್ತಕದಲ್ಲಿದೆ ಅಂತ ಅರ್ಥ. ಮೊದಲ ಸಾಲನ್ನಾದರೂ ಬಾಯಿಪಾಠ ಮಾಡಿಸಿ.

ಈಗ ಅಭ್ಯಾಸ. ಶಿರಸಿ ಕಡೆಯ ಒಂದು ಶಾಲೆ, 20 ಮಕ್ಕಳು, ಆಗಸ್ಟ್ 15ಕ್ಕೆ ಒಂದು ಹಾಡು, 40 ನಿಮಿಷದ ಪಿರಿಯಡ್ ಎಂದುಕೊಳ್ಳಿ. ಉಸಿರು, ಗುನುಗು ಸೇರಿ ಐದು ನಿಮಿಷ ಸಾಕು. ಮುಂದಿನ ಹದಿನೈದು ನಿಮಿಷ ಹಾಡಿನಲ್ಲಿ ಕೆಡುವ ಒಂದೇ ಸಾಲಿಗೆ, ಮಕ್ಕಳು ದಣಿಯುವ ಮುಂಚೆ. ನೀವು ಹಾಡಿ, ಅವರು ಕೇಳಲಿ. ಅವರು ಹಾಡುವಾಗ ನೀವು ಬಾಯಿ ಮುಚ್ಚಿ, ಇಲ್ಲದಿದ್ದರೆ ತಪ್ಪು ನಿಮಗೆ ಕೇಳಿಸುವುದೇ ಇಲ್ಲ. ಆಮೇಲೆ ಆ ಸಾಲನ್ನು ಹಿಂದಿನ, ಮುಂದಿನ ಸಾಲಿಗೆ ಜೋಡಿಸಿ. ಇಡೀ ಹಾಡು ಕೊನೆಗೆ ಒಮ್ಮೆ ಮಾತ್ರ. ಪ್ರತಿ ಸಲ ಮೊದಲಿನಿಂದ ಹಾಡಿಸಿದರೆ ಪಲ್ಲವಿ ಗಟ್ಟಿಯಾಗುತ್ತದೆ, ಕೊನೆಯ ಚರಣ ಹಸಿಯಾಗಿಯೇ ಉಳಿಯುತ್ತದೆ.

ಜುಲೈ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಹಾಡಿಸಬೇಡಿ. ತಮ್ಮ ದನಿ ಕೇಳಿಸದೆ ಮಕ್ಕಳು ಕಿರುಚುತ್ತಾರೆ, ಗಂಟಲು ಕಟ್ಟುತ್ತದೆ. ಆ ಹೊತ್ತು ಕೈ ಸನ್ನೆಗೆ ಇಡಿ. ನಿಮ್ಮ ಕೈ ಕೆಳಗೆ ಬಂದಾಗ ಎಲ್ಲರೂ ಒಂದೇ ಚಪ್ಪಾಳೆ ಹೊಡೆಯಲಿ. ನಿಲ್ಲಿಸುವುದನ್ನೂ ಆಗಲೇ ಕಲಿಸಿ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಕೊನೆಯ 'ಆ' ಕೆಲವರಲ್ಲಿ ಎಳೆದೇ ಹೋಗುತ್ತದೆ. ಎಷ್ಟನೇ ಎಣಿಕೆಗೆ ಬಿಡಬೇಕೆಂದು ಮೊದಲೇ ನಿಗದಿ ಮಾಡಿ. ಆ ಎಣಿಕೆಗೆ ಕೈಯಲ್ಲಿ ಸಣ್ಣ ಸುತ್ತು ಹಾಕಿ ಬೆರಳು ಮುಚ್ಚಿ. ಸುತ್ತು ಶುರುವಾದಾಗ ತಯಾರಾಗಬೇಕು, ಬೆರಳು ಮುಚ್ಚಿದಾಗ ದನಿ ನಿಲ್ಲಬೇಕು.