ತಗಡಿನ ಗೋಡೆ ಎಬ್ಬಿಸಿದರೂ ಬ್ಲೋವರ್ ಸದ್ದು ತಗ್ಗದಿರುವುದೇಕೆ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆಯ ಪಕ್ಕದ ಹೋಟೆಲಿನ ತಾರಸಿಯ ಮೇಲೆ ಅಡುಗೆಮನೆಯ ಹೊಗೆ ಎಳೆಯುವ ಬ್ಲೋವರ್ ಇದೆ. ಬೆಳಗಿನ ಐದಕ್ಕೇ ಅದು ಶುರುವಾಗುತ್ತದೆ. ನಮ್ಮ ದೂರಿನ ಮೇಲೆ ಮಾಲೀಕರು ತಗಡಿನ ಗೋಡೆ ಕಟ್ಟಿಸಿದರೂ ವ್ಯತ್ಯಾಸವೇ ಕಾಣುತ್ತಿಲ್ಲವಲ್ಲ, ಏಕೆ?

ಉತ್ತರ: ಇಂಥ ಬ್ಲೋವರ್‌ನಿಂದ ಶಬ್ದ ಒಂದೇ ದಾರಿಯಲ್ಲಿ ಹೊರಬರುವುದಿಲ್ಲ. ಮೋಟಾರು ಮತ್ತು ಕವಚದಿಂದ ಒಂದು ಪಾಲು, ಹೊಗೆ ಕೊಳವೆಯ ಬಾಯಿಂದ ಇನ್ನೊಂದು ಪಾಲು ಬರುತ್ತದೆ. ಗೋಡೆ ಮೊದಲನೆಯದನ್ನು ಮಾತ್ರ ತಡೆಯುತ್ತದೆ, ಏಕೆಂದರೆ ಕೊಳವೆಯ ಬಾಯಿ ಸಾಮಾನ್ಯವಾಗಿ ಗೋಡೆಗಿಂತ ಎತ್ತರದಲ್ಲಿರುತ್ತದೆ.

ನಿಮ್ಮ ಕಿಟಕಿಯ ಬಳಿ ಬಾಯಿಯಿಂದ 57 ಡೆಸಿಬೆಲ್, ಕವಚದಿಂದ 52 ಡೆಸಿಬೆಲ್ ಬರುತ್ತಿತ್ತು ಎಂದಿಟ್ಟುಕೊಳ್ಳೋಣ. ಡೆಸಿಬೆಲ್‌ಗಳನ್ನು ನೇರವಾಗಿ ಕೂಡಿಸಲಾಗದು. ಎರಡೂ ಸೇರಿ ಸುಮಾರು 58 ಆಗುತ್ತದೆ. ಗೋಡೆ ಕವಚದ ಪಾಲನ್ನು 42ಕ್ಕೆ ಇಳಿಸಿದರೂ ಒಟ್ಟು 57ರಲ್ಲೇ ನಿಲ್ಲುತ್ತದೆ, ಆ ಒಂದು ಡೆಸಿಬೆಲ್ ಕಿವಿಗೆ ತಿಳಿಯುವುದೇ ಇಲ್ಲ. ಗೋಡೆಯ ಹಿಂದೆ, ಕೊಳವೆಯ ಬಾಯಿ ಕಾಣದ ಕಡೆ ನಿಂತಾಗ ಸದ್ದು ತಗ್ಗಿ, ಬಾಯಿ ಕಾಣುವ ಜಾಗಕ್ಕೆ ಬಂದೊಡನೆ ಏರಿದರೆ, ನಿಮ್ಮಲ್ಲಿಯೂ ಇದೇ ಆಗಿದೆ ಎಂದು ತಿಳಿಯಬಹುದು.

ಹಾಗಿದ್ದರೆ ಬೇಕಿರುವುದು ಕೊಳವೆಗೆ ಸೈಲೆನ್ಸರ್. ರಂಧ್ರದ ತಗಡಿನ ಹಿಂದೆ ಖನಿಜ ಉಣ್ಣೆ ತುಂಬಿದ ಈ ಪೆಟ್ಟಿಗೆ ಬಾಯಿಯ ಪಾಲನ್ನು 15 ಡೆಸಿಬೆಲ್ ಇಳಿಸಿದರೆ, ಅಲ್ಲೂ 42, ಇಲ್ಲೂ 42 ಆಗಿ ಒಟ್ಟು 45ಕ್ಕೆ ಬರುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ 2000ದ ಶಬ್ದಮಾಲಿನ್ಯ ನಿಯಮಗಳು ಹೇಳುವ ಮಿತಿಯೂ ಅದೇ. ಆದರೆ ಗುಂಯ್ ಎನ್ನುವ ತಗ್ಗಿನ ಸ್ವರವನ್ನು ಗಿಡ್ಡ ಸೈಲೆನ್ಸರ್ ಅಷ್ಟಾಗಿ ಹಿಡಿಯುವುದಿಲ್ಲ. ಇನ್ನೊಂದು ತೊಡಕು ಎಣ್ಣೆ: ಒಗ್ಗರಣೆಯ ಹೊಗೆಯಲ್ಲಿನ ಜಿಡ್ಡು ಉಣ್ಣೆಗೆ ಇಳಿದರೆ ಅದು ಶಬ್ದ ಹೀರುವುದನ್ನು ಬಿಡುವುದಲ್ಲದೆ ಬೆಂಕಿಯ ಅಪಾಯವನ್ನೂ ತರುತ್ತದೆ. ಆದ್ದರಿಂದ ಜಿಡ್ಡಿನ ಫಿಲ್ಟರ್ ದಾಟಿದ ನಂತರವೇ ಸೈಲೆನ್ಸರ್ ಇರಬೇಕು, ಉಣ್ಣೆಗೆ ತೆಳು ಪೊರೆಯ ಹೊದಿಕೆಯಿರಬೇಕು, ಒಳಗೆ ತೊಳೆಯಲು ಬಾಗಿಲಿರಬೇಕು. ದಾರಿ ತೀರಾ ಕಿರಿದಾಗಿದ್ದರೆ ಗಾಳಿ ಕಟ್ಟಿಕೊಳ್ಳುತ್ತದೆ. ಆಗ ಹೋಟೆಲಿನವರು ಬ್ಲೋವರ್ ವೇಗ ಹೆಚ್ಚಿಸಿದರೆ ಗಳಿಸಿದ್ದೆಲ್ಲ ಹೋಯಿತು.

45 ಎಂಬುದು ಮಿತಿಯ ಅಂಚು, ಅದರ ಮೇಲೆ ಬೀದಿಯ ಸದ್ದೂ ಸೇರುತ್ತದೆ. ಸ್ವಲ್ಪ ಅವಕಾಶ ಬೇಕೆಂದರೆ ಯಂತ್ರವನ್ನೇ ಸರಿಸಬಹುದು: ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಮೆಟ್ಟಿಲ ಕೋಣೆಯ ಆಚೆ ಬದಿಗೆ ಹೋದರೆ ಅದೇ ಗೋಡೆಯ ಕೆಲಸವನ್ನೂ ಮಾಡುತ್ತದೆ. ಕೊಳವೆ ಉದ್ದವಾಗಿ ಎಳೆತ ಕುಗ್ಗುವುದರಿಂದ ಇದು ದುಬಾರಿ ದಾರಿ. ನನ್ನ ಅಭಿಪ್ರಾಯದಲ್ಲಿ ಸೈಲೆನ್ಸರ್ ಹಾಕಿ ಅಳೆದ ಮೇಲೆಯೇ ಇದನ್ನು ಕೇಳಬೇಕು.

ಅಗ್ರಹಾರದ ಸಾಲುಮನೆಗಳಂತೆ ಗೋಡೆ ಹಂಚಿಕೊಂಡಿರುವ ಕಡೆ ಬ್ಲೋವರ್‌ನ ನಡುಕ ಗೋಡೆಯ ಮೂಲಕವೂ ಬರುತ್ತದೆ. ಕಿಟಕಿ ಮುಚ್ಚಿದರೂ ಕೋಣೆಯೊಳಗೆ ಗುಂಯ್‌ಗುಡುತ್ತಿದ್ದರೆ ಪಾದಕ್ಕೆ ಸ್ಪ್ರಿಂಗ್, ಕೊಳವೆಗೆ ಕ್ಯಾನ್ವಾಸ್ ಜೋಡಣೆ ಬೇಕು. ಯಾವುದನ್ನು ಮಾಡಿಸಿದರೂ ಬ್ಲೋವರ್ ಓಡುವಾಗ ಮತ್ತು ನಿಂತಾಗ, ಎರಡೂ ಬಾರಿ ನಿಮ್ಮ ಕಿಟಕಿಯ ಬಳಿಯೇ ಅಳೆಸಿ. ಅಳತೆ ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದ್ದರೆ, ಅದೇ ನಿಯಮಗಳಡಿ ಅಧಿಕೃತ ದೂರು ಕೊಡಬಹುದು.