ಪದ ಪರಿಚಯ: ಮ್ಯಾಸೆಟರ್ ಬೊಟಾಕ್ಸ್

ಕಿವಿಯ ಕೆಳಗೆ, ದವಡೆ ತಿರುಗುವ ಮೂಲೆಯ ಮೇಲೆ ಬೆರಳಿಟ್ಟು ಹಲ್ಲು ಗಟ್ಟಿಯಾಗಿ ಕಚ್ಚಿ ನೋಡಿ. ಬೆರಳಿನಡಿ ಏನೋ ಉಬ್ಬಿ ಬಂತು ಅಲ್ವಾ? ಅದೇ ಮ್ಯಾಸೆಟರ್. ಕೆನ್ನೆಮೂಳೆಯಿಂದ ಕೆಳದವಡೆಯ ಮೂಲೆಯವರೆಗೆ ಇಳಿದಿರುವ, ಅಗಿಯುವ ಸ್ನಾಯು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ, ದಿನವಿಡೀ ಅಡಿಕೆಯನ್ನೋ ಚ್ಯೂಯಿಂಗ್ ಗಮ್ಮನ್ನೋ ಅಗಿಯುವವರಲ್ಲಿ ಇದು ದಪ್ಪವಾಗಬಹುದು. ಆಗ ಮುಖದ ಕೆಳಭಾಗ ಚೌಕವಾಗಿ ಕಾಣುತ್ತದೆ. ಆ ಸ್ನಾಯುವನ್ನು ಸಣ್ಣದು ಮಾಡಲು ಕೊಡುವ ಇಂಜೆಕ್ಷನ್ನೇ ಮ್ಯಾಸೆಟರ್ ಬೊಟಾಕ್ಸ್.

ನಾನು ಕಲಬುರಗಿಯಲ್ಲಿ ಹಲ್ಲಿನ ಡಾಕ್ಟರು. ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳು ಬೇರೆ ಊರಿನ ಕ್ಲಿನಿಕ್ಕಿನಲ್ಲಿ ಇದನ್ನು ಮಾಡಿಸಿಕೊಂಡು ಬಂದಳು. ಒಂದೊಂದು ಬದಿಗೆ 25 ಯೂನಿಟ್. ಈ ಕೆಲಸಕ್ಕೆ ಸಾಮಾನ್ಯವಾಗಿ ಕೊಡುವ ಪ್ರಮಾಣವೇ ಅದು. ಆದರೆ ಯೂನಿಟ್ ಲೆಕ್ಕ ಎಲ್ಲ ಕಂಪನಿಯ ಔಷಧಿಗೂ ಒಂದೇ ಅಲ್ಲ. ಯಾವ ಔಷಧಿ, ಎಷ್ಟು ಯೂನಿಟ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಔಷಧಿ ಸ್ನಾಯುವನ್ನು ಕರಗಿಸುವುದಿಲ್ಲ. 'ಕಚ್ಚು' ಎಂದು ನರ ಕೊಡುವ ಸಂದೇಶ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ, ಅಷ್ಟೇ. ಕೆಲಸವಿಲ್ಲದ ಸ್ನಾಯು ತಾನೇ ಸೊರಗುತ್ತದೆ. ಮುರಿದ ಕೈಯ ಪ್ಲಾಸ್ಟರ್ ಬಿಚ್ಚಿದಾಗ ಕೈ ಸಣ್ಣಗಾಗಿರುವುದನ್ನು ನೋಡಿದ್ದೀರಲ್ಲ, ಇದೂ ಹಾಗೇ. ಅದಕ್ಕೇ ಒಂದೆರಡು ವಾರದಲ್ಲಿ ಕಚ್ಚುವ ಬಲ ಕಡಿಮೆಯಾದರೂ ಮುಖ ಸಣ್ಣಗಾಗಿದ್ದು ಕಾಣಲು ಒಂದು ತಿಂಗಳಾದರೂ ಬೇಕು. ಪೂರ್ತಿ ಫಲ ಕಾಣುವುದು ಎರಡು ಮೂರು ತಿಂಗಳಿಗೆ. ಮುಂದಿನ ವಾರ ಮದುವೆ ಇಟ್ಟುಕೊಂಡು ಈ ವಾರ ಚುಚ್ಚಿಸಿಕೊಂಡರೆ ಏನೂ ಸಿಗುವುದಿಲ್ಲ.

ಹತ್ತನೇ ದಿನ ತಂಗಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಎರಡು ತುತ್ತಿಗೇ ತಟ್ಟೆ ಸರಿಸಿದಳು. "ಅಕ್ಕಾ, ಅಗದು ಅಗದು ದವಡಿ ಸೋತು ಹೋಗ್ಯಾವ. ಇಲ್ಲಿ ನೋಡು, ಏನೋ ಗಡ್ಡಿ ಎದ್ದಂಗ ಆಗ್ಯದ" ಎಂದಳು.

ದವಡೆ ಸೋಲುವುದು ನಾನು ನಿರೀಕ್ಷಿಸಿದ್ದೇ. ಅಗಿಯಲು ಬೇರೆ ಸ್ನಾಯುಗಳೂ ಇವೆ, ಹಾಗಾಗಿ ಬಾಯಿ ನಿಂತುಹೋಗುವುದಿಲ್ಲ. ಆದರೆ ಕೆಲವು ವಾರ ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕಾಗಬಹುದು. ಗಡ್ಡೆಯ ವಿಷಯ ಬೇರೆ. ಹಲ್ಲು ಕಚ್ಚಿಸಿದೆ. ಎಡಗೆನ್ನೆಯಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು ಬಂತು. ಬಾಯಿ ಸಡಿಲ ಬಿಟ್ಟ ಕೂಡಲೇ ಮಾಯವಾಯಿತು. ಮ್ಯಾಸೆಟರ್ ಪದರ ಪದರವಾಗಿದೆ, ಒಳಗೆ ಗಟ್ಟಿ ಪಟ್ಟಿಯಂಥ ಸ್ನಾಯುರಜ್ಜು ಇರುತ್ತದೆ. ಔಷಧಿ ಆ ಪಟ್ಟಿಯ ಒಂದೇ ಬದಿಗೆ ನಿಂತರೆ ಇನ್ನೊಂದು ಬದಿಯ ಪದರ ಬಲವಾಗಿಯೇ ಉಳಿದು, ಕಚ್ಚಿದಾಗಲೆಲ್ಲ ಹೊರಗೆ ಉಬ್ಬುತ್ತದೆ. ಅವಳಿಗೆ ಆದದ್ದು ಇದೇ. ಇಂಜೆಕ್ಷನ್ ಕೊಟ್ಟ ಡಾಕ್ಟರು ಆ ಉಬ್ಬಿಗೇ ಇನ್ನು 5 ಯೂನಿಟ್ ಕೊಟ್ಟರು. ಎರಡು ವಾರದಲ್ಲಿ ಇಳಿಯಿತು. ಕಚ್ಚಿದಾಗ ಮಾತ್ರ ಬಂದು ಹೋಗುವ ಉಬ್ಬಿಗೆ ಗಾಬರಿ ಬೇಡ. ಸುಮ್ನೆ ಇದ್ದಾಗಲೂ ಇರುವ, ಕೆಂಪಾಗಿ ನೋಯುವ ಬಾವು ಇದ್ದರೆ ಅವತ್ತೇ ತೋರಿಸಿ.

ಚುಚ್ಚುವ ಜಾಗವೂ ಮುಖ್ಯ. ಕಿವಿಯ ಬುಡದಿಂದ ಬಾಯಿಯ ಮೂಲೆಗೆ ಒಂದು ಗೆರೆ ಎಳೆದುಕೊಂಡು, ಅದರ ಕೆಳಗೇ ಸ್ನಾಯುವಿನ ಮಧ್ಯಕ್ಕೆ ಕೊಡುತ್ತಾರೆ. ತೀರಾ ಮುಂದೆ ಕೊಟ್ಟರೆ ನಗೆಯ ಸ್ನಾಯುವಿಗೆ ತಾಗಿ ನಗು ಕೆಲವು ವಾರ ಸೊಟ್ಟಗಾಗುತ್ತದೆ. ಮೇಲೆ ಕೊಟ್ಟರೆ ಕೆನ್ನೆಮೂಳೆಯ ಕೆಳಗೆ ಗುಳಿ ಬೀಳಬಹುದು. ವಯಸ್ಸಾದವರಲ್ಲಿ ಒಳಗಿನ ತುಂಬು ಹೋದ ಮೇಲೆ ಚರ್ಮ ಜೋತು ಬೀಳುತ್ತದೆ. ಇದು ನನಗೆ ಜಾಸ್ತಿ ಯೋಚನೆ ಹುಟ್ಟಿಸುವ ತೊಂದರೆ, ಏಕೆಂದರೆ ಮುಖ ಸಣ್ಣಗಾಗುವ ಬದಲು ಇಳಿದಂತೆ ಕಾಣುತ್ತದೆ. ಪದೇ ಪದೇ ಮಾಡಿಸಿಕೊಂಡರೆ, ಎಳೆತ ಕಡಿಮೆಯಾದ ದವಡೆಮೂಳೆ ತೆಳ್ಳಗಾಗಬಹುದೇ ಎಂಬ ಪ್ರಶ್ನೆಯೂ ತಜ್ಞರಲ್ಲಿ ಇದೆ.

ಎಲ್ಲ ಚೌಕ ದವಡೆಗೂ ಇದು ಮದ್ದಲ್ಲ. ಕಚ್ಚಿದಾಗ ಬೆರಳಿನಡಿ ಏನೂ ಉಬ್ಬದಿದ್ದರೆ ಅಗಲ ಇರುವುದು ಮೂಳೆಯಲ್ಲಿ ಅಥವಾ ಕೊಬ್ಬಿನಲ್ಲಿ. ಅಲ್ಲಿ ದುಡ್ಡು ದಂಡ. ಒಂದೇ ಬದಿ ದಪ್ಪವಾಗುತ್ತಾ ಹೋದರೆ ಜೊಲ್ಲುಗ್ರಂಥಿಯ ಗಡ್ಡೆ ಅಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಗುಟ್ಕಾ ತಿನ್ನುವವರಿಗೆ ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಬಸುರಿಯರು, ಹಾಲುಣಿಸುವವರು, ಮಯಸ್ತೇನಿಯಾದಂಥ ಸ್ನಾಯು ಸೋಲುವ ಕಾಯಿಲೆ ಇರುವವರು ಇದನ್ನು ಮಾಡಿಸಿಕೊಳ್ಳಬಾರದು.

ತಂಗಿಯ ಮುಖ ಮೂರನೇ ತಿಂಗಳಿಗೆ ಚೆನ್ನಾಗಿಯೇ ಸಣ್ಣಗಾಗಿತ್ತು. ಏಳನೇ ತಿಂಗಳಿಗೆ ಸ್ನಾಯು ಮತ್ತೆ ಬೆರಳಿಗೆ ಸಿಗತೊಡಗಿತು. ಅವಳು ರಾತ್ರಿ ಹಲ್ಲು ಕಡಿಯುತ್ತಾಳೆ, ಬಾಚಿಹಲ್ಲುಗಳ ತುದಿ ಸವೆದಿದೆ. ಎರಡನೇ ಇಂಜೆಕ್ಷನ್ನಿಗೆ ಮೊದಲು ಹಲ್ಲಿನ ಅಳತೆ ತೆಗೆದು, ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿ ಕೊಟ್ಟಿದ್ದೇನೆ.